ಸ್ಲೈಡ್ ಮುಂದೆ, ಮಾತು ಹಿಂದೆ: ಪಾಠದ ರೆಕಾರ್ಡಿಂಗ್‌ನಲ್ಲಿ ಸಿಂಕ್ ತಪ್ಪಿದಾಗ ದೋಷ ಹುಡುಕುವ ಬಗೆ

ಐವತ್ತು ನಿಮಿಷದ ಪಾಠ. ಲ್ಯಾಪ್‌ಟಾಪ್ ಪರದೆಯ ಮೇಲಿನ ಸ್ಲೈಡುಗಳೂ ಮೂಲೆಯಲ್ಲಿ ಶಿಕ್ಷಕರ ಮುಖವೂ ಒಂದು ಫೈಲ್‌ನಲ್ಲಿವೆ. ದನಿ ಸ್ಪಷ್ಟವಾಗಿರಲಿ ಎಂದು ಕಾಲರ್ ಮೈಕಿನ ಮಾತನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿಯಲಾಗಿದೆ. ಎರಡನ್ನೂ ಎಡಿಟರಿನಲ್ಲಿ ಜೋಡಿಸಿದಾಗ ಮೊದಲ ಸ್ಲೈಡ್‌ನಲ್ಲಿ ಎಲ್ಲ ಸರಿಯಾಗಿದೆ. ಇಪ್ಪತ್ತು ನಿಮಿಷ ದಾಟಿದ ಮೇಲೆ ಏನೋ ಸರಿಯಿಲ್ಲ ಅನ್ನಿಸಲು ಶುರುವಾಗುತ್ತದೆ. ಕೊನೆಗೆ ಬರುವ ಹೊತ್ತಿಗೆ ತುಟಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತದೆ, ಸ್ಲೈಡ್ ಬದಲಾದ ಮೇಲೆ ಕೀಲಿ ಒತ್ತಿದ ಸದ್ದು ಬರುತ್ತದೆ.

ಇಂಥ ಹೊತ್ತಿನಲ್ಲಿ ಕೈ ತಾನಾಗಿಯೇ ಧ್ವನಿಯ ಪಟ್ಟಿಯನ್ನು ಹಿಡಿದು ಎಡಕ್ಕೆ ಎಳೆಯುತ್ತದೆ. ಕೊನೆ ಸರಿಹೋಗುತ್ತದೆ, ಮೊದಲು ಕೆಡುತ್ತದೆ. ನಡುವೆ ಕತ್ತರಿಸಿ ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಸರಿಸಲು ಹೊರಟರೆ ಅರ್ಧ ದಿನ ಹೋಗುತ್ತದೆ, ಆದರೂ ಎಲ್ಲೋ ಒಂದು ಕಡೆ ಮಾತು ತುಂಡಾಗಿರುತ್ತದೆ. ಸಿಂಕ್ ತಪ್ಪುವುದು ಒಂದೇ ರೋಗವಲ್ಲ. ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿಂದ ಬರುತ್ತದೆ, ಒಂದಕ್ಕೆ ಹಿಡಿಯುವ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಏನನ್ನೂ ಸರಿಸುವ ಮುಂಚೆ ಅಳೆಯಬೇಕು. ಮೊದಲು, ನಡುವೆ, ಕೊನೆ ಎಂದು ಮೂರು ಕಡೆ ಅಳೆದರೆ ಸಾಕು, ಕಾರಣ ಯಾವುದು ಎಂಬುದು ಹೆಚ್ಚುಕಡಿಮೆ ಆ ಮೂರು ಸಂಖ್ಯೆಗಳಲ್ಲೇ ಸಿಗುತ್ತದೆ.

ಅಳೆಯುವ ಮುಂಚೆ ಒಂದು ಅನುಮಾನ ಕಳೆದುಕೊಳ್ಳಿ

ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಸಿಂಕ್ ಪರೀಕ್ಷೆ ಮಾಡಬೇಡಿ. ಬ್ಲೂಟೂತಿನಲ್ಲಿ ಧ್ವನಿ ಕಿವಿಗೆ ತಲುಪಲು 100ರಿಂದ 300 ಮಿಲಿಸೆಕೆಂಡ್ ತಡವಾಗುವುದು ಸಾಮಾನ್ಯ. ಕೆಲವು ಪ್ಲೇಯರುಗಳು ಆ ತಡವನ್ನು ಲೆಕ್ಕ ಹಾಕಿ ಚಿತ್ರವನ್ನೂ ಅಷ್ಟೇ ತಡೆದು ತೋರಿಸುತ್ತವೆ. ಎಡಿಟರುಗಳಲ್ಲಿ ಬಹಳಷ್ಟು ಹಾಗೆ ಮಾಡುವುದಿಲ್ಲ. ಹೀಗಾಗಿ ಫೈಲ್ ಸರಿಯಾಗಿದ್ದರೂ ಕೆಟ್ಟಿದೆ ಎನ್ನಿಸುತ್ತದೆ, ಅದನ್ನು ಸರಿಮಾಡಲು ಹೋಗಿ ನಿಜಕ್ಕೂ ಕೆಡಿಸುತ್ತೇವೆ. ತಂತಿಯ ಇಯರ್‌ಫೋನ್ ಅಥವಾ ಲ್ಯಾಪ್‌ಟಾಪಿನದೇ ಸ್ಪೀಕರ್ ಬಳಸಿ, ಅದೇ ಜಾಗವನ್ನು ಮತ್ತೊಮ್ಮೆ ನೋಡಿ. ದೋಷ ಉಳಿದಿದ್ದರೆ ಮುಂದುವರಿಯಿರಿ.

ಎಷ್ಟು ತಪ್ಪಿದರೆ ತಪ್ಪು ಎನ್ನುವುದಕ್ಕೂ ಒಂದು ಅಳತೆ ಇದೆ. ಪ್ರಸಾರ ಕ್ಷೇತ್ರದಲ್ಲಿ ಬಳಸುವ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯುವಿನ ಶಿಫಾರಸು BT.1359 ಪ್ರಕಾರ ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಹೋದರೆ, ಇಲ್ಲವೇ ಸುಮಾರು 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುವವರ ಗಮನಕ್ಕೆ ಬರುತ್ತದೆ. ಎರಡೂ ಕಡೆ ಒಂದೇ ಅಳತೆ ಇಲ್ಲದಿರುವುದಕ್ಕೆ ಕಾರಣ ಸರಳ. ದೂರದಲ್ಲಿ ಬಟ್ಟೆ ಒಗೆಯುವವರ ಕೈ ಮೊದಲು ಕಾಣಿಸಿ ಸದ್ದು ಆಮೇಲೆ ಬರುವುದು ನಮಗೆ ಅಭ್ಯಾಸ. ಸದ್ದು ಮೊದಲು ಬಂದು ಕೈ ಆಮೇಲೆ ಕಾಣುವುದು ಲೋಕದಲ್ಲಿ ಎಲ್ಲೂ ಆಗುವುದಿಲ್ಲ. ಹಾಗಾಗಿ ಮೂಲೆಯಲ್ಲಿ ಮುಖ ಕಾಣುವ ರೆಕಾರ್ಡಿಂಗಿನಲ್ಲಿ ಧ್ವನಿ ಮುಂದೆ ಹೋಗದಂತೆ ಹೆಚ್ಚು ಎಚ್ಚರ ಬೇಕು. ಬರೀ ಸ್ಲೈಡ್ ಇದ್ದರೆ ಇನ್ನೂ ಸ್ವಲ್ಪ ಸಡಿಲ ಬಿಡಬಹುದು.

ಮೂರು ಕಡೆ ಅಳೆಯುವುದು

ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 33 ಮಿಲಿಸೆಕೆಂಡ್. ನಮಗೆ ಬೇಕಾದ ನಿಖರತೆಗೆ ಫ್ರೇಮ್ ಎಣಿಸುವುದೇ ಸಾಕು. ಎಡಿಟರಿನಲ್ಲಿ ಧ್ವನಿಯ ಅಲೆ ಕಾಣುವಂತೆ ಪಟ್ಟಿಯನ್ನು ದೊಡ್ಡದು ಮಾಡಿ. ಮೊನಚಾದ ಒಂದು ಸದ್ದು ಶುರುವಾಗುವ ಜಾಗದಲ್ಲಿ ಪ್ಲೇಹೆಡ್ ನಿಲ್ಲಿಸಿ, ಅಲ್ಲಿಂದ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗಿ ಆ ಸದ್ದಿಗೆ ಕಾರಣವಾದ ಚಲನೆ ಎಲ್ಲಿದೆ ಎಂದು ನೋಡಿ.

ಚಪ್ಪಾಳೆಯಂಥ ಗುರುತು ಹಾಕಿರದಿದ್ದರೂ ಮುಖ ಕಾಣುತ್ತಿದ್ದರೆ ದಾರಿ ಇದೆ. ಪ, ಬ, ಮ ಈ ಮೂರು ಅಕ್ಷರಗಳಿಗೆ ತುಟಿಗಳು ಪೂರ್ತಿ ಮುಚ್ಚಲೇಬೇಕು. ಅದರಲ್ಲೂ ಮೌನದ ನಂತರ ಬರುವ 'ಪ' ತುಂಬ ಅನುಕೂಲ. "ಪಾಠದ ಎರಡನೇ ಭಾಗ" ಎಂದು ಶಿಕ್ಷಕರು ಶುರು ಮಾಡಿದ ಜಾಗ ಹುಡುಕಿ. ಅಲೆಯಲ್ಲಿ ಮಟ್ಟಸವಾದ ಗೆರೆ ಮುಗಿದು ಕಡ್ಡಿಯಂತೆ ಒಂದು ಏರು ಕಾಣುತ್ತದೆ, ಅದು 'ಪಾ'. ಚಿತ್ರದಲ್ಲಿ ಮುಚ್ಚಿದ ತುಟಿ ಮೊದಲ ಬಾರಿ ಬಿಟ್ಟುಕೊಂಡ ಫ್ರೇಮ್ ಯಾವುದು ಎಂದು ಗುರುತಿಸಿ. ಎರಡರ ನಡುವೆ ನಾಲ್ಕು ಫ್ರೇಮ್ ಇದ್ದರೆ 130 ಮಿಲಿಸೆಕೆಂಡ್ ಆಸುಪಾಸು. ಮುಖ ಇಲ್ಲದಿದ್ದರೆ ಸ್ಲೈಡ್ ಬದಲಿಸಿದ ಕೀಲಿಯ ಸದ್ದನ್ನು ಹಿಡಿಯಿರಿ. ಕೀಲಿ ಒತ್ತಿದ ಮೇಲೆ ಸ್ಲೈಡ್ ಬದಲಾಗಲು ಲ್ಯಾಪ್‌ಟಾಪಿಗೇ ಒಂದೆರಡು ಫ್ರೇಮ್ ಹಿಡಿಯಬಹುದು. ಸ್ಲೈಡಿಗೆ ಟ್ರಾನ್ಸಿಶನ್ ಹಾಕಿದ್ದರೆ ಆ ಗುರುತು ಕೆಲಸಕ್ಕೆ ಬರುವುದಿಲ್ಲ.

ಹೀಗೆ ಮೊದಲ ಎರಡು ನಿಮಿಷದೊಳಗೆ ಒಂದು, ನಟ್ಟನಡುವೆ ಒಂದು, ಕೊನೆಯ ಎರಡು ನಿಮಿಷದಲ್ಲಿ ಒಂದು ಅಳತೆ ತೆಗೆದು ಕಾಗದದ ಮೇಲೆ ಬರೆಯಿರಿ. ಧ್ವನಿ ತಡವಾಗಿದ್ದರೆ ಕೂಡುವ ಚಿಹ್ನೆ, ಮುಂದಿದ್ದರೆ ಕಳೆಯುವ ಚಿಹ್ನೆ ಹಾಕಿ. ಚಿಹ್ನೆ ತಪ್ಪಿದರೆ ಆಮೇಲೆ ಮಾಡುವ ರಿಪೇರಿಯಲ್ಲಿ ದೋಷ ಇಮ್ಮಡಿಯಾಗುತ್ತದೆ. ಈ ಕೆಲಸದಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ.

ಮೂರು ಸಂಖ್ಯೆಗಳು ಒಂದೇ ಆಗಿದ್ದರೆ

ಮೊದಲು +150, ನಡುವೆ +150, ಕೊನೆಗೂ +150 ಎಂದಿದ್ದರೆ ಇದು ಹಗುರವಾದ ದೋಷ. ಎರಡು ಗಡಿಯಾರಗಳೂ ಸರಿಯಾಗಿ ಓಡುತ್ತಿವೆ, ಒಂದು ತಡವಾಗಿ ಶುರುವಾಗಿದೆ ಅಷ್ಟೇ. ಧ್ವನಿ ತಡವಾಗಿದ್ದರೆ ಬ್ಲೂಟೂತ್ ಮೈಕ್ ಕಾರಣವಿರಬಹುದು. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಆನ್ ಆದ ಕೂಡಲೇ ಸಾಮಾನ್ಯವಾಗಿ ಅದು ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುವುದರಿಂದ ಡಬ್ಬಿಯೊಳಗಿಂದ ಮಾತಾಡಿದಂತೆಯೂ ಕೇಳಿಸುತ್ತದೆ. ತಡವೂ ಇದೆ, ದನಿಯೂ ಮಂಕಾಗಿದೆ ಎಂದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ.

ಧ್ವನಿ ಮುಂದಿದ್ದರೆ ಸಾಮಾನ್ಯವಾಗಿ ಕ್ಯಾಮೆರಾದ ಚಿತ್ರವೇ ತಡವಾಗಿ ಬರುತ್ತಿದೆ ಎಂದರ್ಥ. ಪರದೆ ಮತ್ತು ಕ್ಯಾಮೆರಾ ದಾಖಲಿಸುವ ಒಬಿಎಸ್ ಎಂಬ ಪ್ರೋಗ್ರಾಮ್ ಬಳಸುವವರು Advanced Audio Properties ತೆರೆದು ಮೈಕಿನ Sync Offset ಜಾಗದಲ್ಲಿ ಆ ಮಿಲಿಸೆಕೆಂಡ್ ಹಾಕಿದರೆ ಧ್ವನಿ ಅಷ್ಟು ತಡೆದು ದಾಖಲಾಗುತ್ತದೆ. ಇಲ್ಲೊಂದು ಸಿಕ್ಕು ಇದೆ. ಮುಖದ ಕ್ಯಾಮೆರಾ ತಡ, ಪರದೆಯ ಚಿತ್ರ ತಡವಲ್ಲ. ಧ್ವನಿಯನ್ನು ಮುಖಕ್ಕೆ ಹೊಂದಿಸಿದರೆ ಈಗ ಪರದೆ ಧ್ವನಿಗಿಂತ ಮುಂದೆ ಹೋಗುತ್ತದೆ. ಪರದೆಯ ಸೋರ್ಸಿಗೂ Render Delay ಫಿಲ್ಟರ್ ಹಾಕಿ ಅಷ್ಟೇ ಮಿಲಿಸೆಕೆಂಡ್ ಕೊಟ್ಟರೆ ಮೂರೂ ಒಂದೇ ಹೆಜ್ಜೆಗೆ ಬರುತ್ತವೆ.

ಸಂಖ್ಯೆ ಒಂದೇ ಸಮನೆ ಬೆಳೆಯುತ್ತಿದ್ದರೆ

0, +120, +240. ನಡುವಿನ ಸಂಖ್ಯೆ ಕೊನೆಯದರ ಅರ್ಧ ಇದೆ. ಈ ಸರಳರೇಖೆ ಕಂಡರೆ ಎರಡು ಗಡಿಯಾರಗಳ ಓಟದ ವೇಗ ಬೇರೆ ಬೇರೆ ಎಂದು ಖಚಿತವಾಗಿ ಹೇಳಬಹುದು. ಎಷ್ಟು ಬೇರೆ ಎನ್ನುವುದು ಮುಂದಿನ ಸುಳಿವು.

ರೆಕಾರ್ಡರಿನೊಳಗೆ ಒಂದು ಸ್ಫಟಿಕ ಇರುತ್ತದೆ. ಸೆಕೆಂಡಿಗೆ 48,000 ಬಾರಿ ಧ್ವನಿಯನ್ನು ಅಳೆಯಬೇಕು ಎಂಬ ತಾಳ ಹಾಕುವುದು ಅದೇ. ಲ್ಯಾಪ್‌ಟಾಪಿನಲ್ಲಿರುವುದು ಇನ್ನೊಂದು ಸ್ಫಟಿಕ. ಅಗ್ಗದ ಸ್ಫಟಿಕಗಳು ಹತ್ತು ಲಕ್ಷಕ್ಕೆ ಹತ್ತಿಪ್ಪತ್ತರಿಂದ ನೂರರವರೆಗೆ ಹೆಚ್ಚುಕಡಿಮೆ ಆಗುವುದು ಸಹಜ, ಅದು ಕೆಟ್ಟಿದೆ ಎಂದಲ್ಲ. ಹತ್ತು ಲಕ್ಷಕ್ಕೆ 50 ಎಂದರೆ ಗಂಟೆಗೆ 0.18 ಸೆಕೆಂಡ್. ಒಂದು ಮುಂದೆ ಒಂದು ಹಿಂದೆ ಓಡಿದರೆ ಇಮ್ಮಡಿ. ಆದ್ದರಿಂದ ಗಂಟೆಗೆ ಅರ್ಧ ಸೆಕೆಂಡಿನೊಳಗೆ ಜಾರಿದ್ದರೆ ಸ್ಫಟಿಕಗಳನ್ನೇ ಅನುಮಾನಿಸಿ.

ಗಂಟೆಗೆ ಸುಮಾರು 3.6 ಸೆಕೆಂಡ್, ಅಂದರೆ ಐವತ್ತು ನಿಮಿಷಕ್ಕೆ 3 ಸೆಕೆಂಡ್ ಜಾರಿದ್ದರೆ ಅದು ಬೇರೆ ಕಥೆ. ಸಾವಿರಕ್ಕೆ ಒಂದರ ಈ ವ್ಯತ್ಯಾಸ 29.97 ಮತ್ತು 30 ಫ್ರೇಮ್‌ಗಳ ನಡುವಿನದು. ವಿಡಿಯೊ ಒಂದರಲ್ಲಿದ್ದು, ಎಲ್ಲೋ ಒಂದು ಹಂತದಲ್ಲಿ ಅದನ್ನು ಇನ್ನೊಂದೆಂದು ಓದಲಾಗಿದೆ. ಧ್ವನಿಗೆ ಏನೂ ಮಾಡಬೇಡಿ. ಕ್ಲಿಪ್ಪಿನ ಫ್ರೇಮ್ ದರವನ್ನು ಕೈಯಾರೆ ಬದಲಿಸಿದ್ದೀರಾ ಎಂದು ಎಡಿಟರಿನಲ್ಲಿ ನೋಡಿ, ಫೈಲಿನ ನಿಜವಾದ ದರಕ್ಕೆ ಮರಳಿಸಿ.

ಇನ್ನೂ ದೊಡ್ಡದಾಗಿ, 60 ನಿಮಿಷದ ಮಾತು 55 ನಿಮಿಷ 7 ಸೆಕೆಂಡಿಗೇ ಮುಗಿದರೆ, ಜೊತೆಗೆ ದನಿ ತೆಳುವಾಗಿ ಆತುರದಲ್ಲಿ ಮಾತಾಡಿದಂತೆ ಕೇಳಿಸಿದರೆ, 44,100ರಲ್ಲಿ ದಾಖಲಾದ ಧ್ವನಿಯನ್ನು 48,000 ಎಂದು ಓದಲಾಗಿದೆ. ದನಿಯ ಸ್ಥಾಯಿ ಸುಮಾರು ಒಂದೂವರೆ ಅರ್ಧಸ್ವರದಷ್ಟು, ಅಂದರೆ ಹಾರ್ಮೋನಿಯಂನ ಒಂದೂವರೆ ಮನೆಯಷ್ಟು ಏರಿರುತ್ತದೆ. ಪರಿಚಯದ ದನಿಯಾದರೆ ಒಂದೇ ವಾಕ್ಯದಲ್ಲಿ ತಿಳಿದುಬಿಡುತ್ತದೆ, ಅಳತೆಯೇ ಬೇಡ.

ನಡುವೆ ಎಲ್ಲೋ ಹಠಾತ್ತನೆ ಹಾರಿದ್ದರೆ

0, 0, −700 ಎಂಬಂಥ ಅಳತೆ ಬಂದರೆ ವೇಗದ ದೋಷವಲ್ಲ, ಏನೋ ಒಂದು ತುಂಡು ಕಳೆದುಹೋಗಿದೆ. ಧ್ವನಿಯ ತುಂಡು ಕಳೆದರೆ ಅಲ್ಲಿಂದಾಚೆ ಧ್ವನಿ ಮುಂದೆ ಬರುತ್ತದೆ. ಫೋನನ್ನೇ ರೆಕಾರ್ಡರ್ ಮಾಡಿಕೊಂಡಾಗ ಕರೆ ಬಂದು ರೆಕಾರ್ಡಿಂಗ್ ನಿಂತು ಮತ್ತೆ ಶುರುವಾಗಿರಬಹುದು. ಯುಎಸ್‌ಬಿ ಮೈಕಿನ ತಂತಿ ಸಡಿಲವಾಗಿ ಒಂದು ಕ್ಷಣ ಸಂಪರ್ಕ ತಪ್ಪಿರಬಹುದು.

ಆ ಜಾಗ ಹುಡುಕಲು ಪಾಠ ಪೂರ್ತಿ ಕೇಳಬೇಡಿ. ಸರಿ ಇರುವ ಜಾಗ ಮತ್ತು ಕೆಟ್ಟಿರುವ ಜಾಗದ ನಡುಮಧ್ಯೆ ಅಳೆಯಿರಿ. ಅಲ್ಲಿ ಸರಿ ಇದ್ದರೆ ದೋಷ ಮುಂದಿದೆ, ಕೆಟ್ಟಿದ್ದರೆ ಹಿಂದಿದೆ. ಉಳಿದ ಅರ್ಧದಲ್ಲಿ ಮತ್ತೆ ನಡುಮಧ್ಯೆ. ಐವತ್ತು ನಿಮಿಷದ ಫೈಲಿನಲ್ಲಿ ಹೀಗೆ ಆರು ಸಲ ನೋಡುವಷ್ಟರಲ್ಲಿ ಒಂದು ನಿಮಿಷಕ್ಕಿಂತ ಚಿಕ್ಕ ಜಾಗಕ್ಕೆ ಬಂದಿರುತ್ತೀರಿ. ಅಲ್ಲಿ ಅಲೆಯಲ್ಲಿ ಚೂರಿಯಿಂದ ಕೊಯ್ದಂಥ ನೇರ ಗೆರೆ ಕಾಣುತ್ತದೆ, ಕೇಳಿದರೆ ಪದ ಅರ್ಧಕ್ಕೆ ಹಾರಿರುತ್ತದೆ. ಅಲ್ಲಿ ಕತ್ತರಿಸಿ ಕಳೆದಷ್ಟು ಮೌನ ತುಂಬಿದರೆ ಮುಂದಿನದೆಲ್ಲ ತನ್ನ ಜಾಗಕ್ಕೆ ಬರುತ್ತದೆ. ಹೋದ ಪದ ಮಾತ್ರ ಹೋಯಿತು.

ಧ್ವನಿಯೂ ಒಬಿಎಸ್‌ನಲ್ಲೇ ದಾಖಲಾಗಿದ್ದರೆ ಅದರ ಲಾಗ್ ಓದಿ. Help ಪಟ್ಟಿಯಲ್ಲಿ Log Files ಸಿಗುತ್ತದೆ. ಅದರಲ್ಲಿ `Max audio buffering reached!` ಎಂಬ ಸಾಲು ಇದ್ದರೆ ಯಾವುದೋ ಸಾಧನದ ಧ್ವನಿ ಹೊತ್ತಿಗೆ ಸರಿಯಾಗಿ ಬಂದಿಲ್ಲ. ಬಳಸದ ಆಡಿಯೊ ಸಾಧನಗಳನ್ನೆಲ್ಲ ತೆಗೆದು ಮೈಕ್ ಒಂದನ್ನೇ ಉಳಿಸಿಕೊಂಡು ಮತ್ತೆ ಪರೀಕ್ಷಿಸಿ.

ಏರಿಳಿತ ಅಡ್ಡಾದಿಡ್ಡಿಯಾಗಿದ್ದರೆ

ಪ್ಲೇಯರಿನಲ್ಲಿ ನೋಡಿದರೆ ಸರಿ, ಎಡಿಟರಿಗೆ ಹಾಕಿದರೆ ತಪ್ಪು. ಅದರಲ್ಲೂ ಸರಳರೇಖೆಯಾಗಿ ಬೆಳೆಯದೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಫೋನಿನ ಪರದೆ ರೆಕಾರ್ಡಿಂಗ್, ಆನ್‌ಲೈನ್ ಮೀಟಿಂಗಿನಿಂದ ಇಳಿಸಿಕೊಂಡ ಫೈಲ್ ಇವುಗಳಲ್ಲಿ ಇದು ಮಾಮೂಲು. ಇವು ಫ್ರೇಮ್‌ಗಳನ್ನು ಸಮ ಅಂತರದಲ್ಲಿ ಬರೆಯುವುದಿಲ್ಲ. ಸ್ಲೈಡ್ ಕದಲದೆ ನಿಂತಿದ್ದಾಗ ಹೊಸ ಫ್ರೇಮ್ ಬರೆದು ಪ್ರಯೋಜನವಿಲ್ಲ ಎಂದು ಕಡಿಮೆ ಬರೆಯುತ್ತವೆ, ಏನಾದರೂ ಅಲುಗಿದಾಗ ಹೆಚ್ಚು ಬರೆಯುತ್ತವೆ. ಪ್ರತಿ ಫ್ರೇಮಿನ ಮೇಲೂ ಅದನ್ನು ತೋರಿಸಬೇಕಾದ ಹೊತ್ತು ಬರೆದಿರುವುದರಿಂದ ಪ್ಲೇಯರ್ ಎಡವುವುದಿಲ್ಲ. ಆ ಹೊತ್ತನ್ನು ನೋಡದೆ ಸೆಕೆಂಡಿಗೆ 30 ಎಂದು ಎಣಿಸಿಕೊಂಡು ಹೋಗುವ ಎಡಿಟರ್ ಎಡವುತ್ತದೆ. ಒಂದೇ ಸ್ಲೈಡಿನ ಮೇಲೆ ಹತ್ತು ನಿಮಿಷ ಮಾತಾಡಿದ ಭಾಗದಲ್ಲಿ ಹೆಚ್ಚು ತಪ್ಪಿ, ಪರದೆಯ ಮೇಲೆ ಕೆಲಸ ಮಾಡಿ ತೋರಿಸಿದ ಭಾಗದಲ್ಲಿ ಕಡಿಮೆ ತಪ್ಪಿದ್ದರೆ ಕಾರಣ ಇದೇ.

ffmpeg ಎಂಬ ಪ್ರೋಗ್ರಾಮಿನ ಜೊತೆ ಬರುವ ffprobe ಕಮಾಂಡಿನಿಂದ ಪರೀಕ್ಷೆ ಹೀಗೆ:

```
ffprobe -v error -select_streams v:0 -show_entries stream=r_frame_rate,avg_frame_rate -of default=nw=1 meeting.mp4
```

ಎರಡು ಸಾಲು ಬರುತ್ತವೆ. ಎರಡರಲ್ಲೂ 30/1 ಇದ್ದರೆ ಬಹುಮಟ್ಟಿಗೆ ಸಮ ಅಂತರದ ಫೈಲ್. ಒಂದರಲ್ಲಿ 30/1 ಇದ್ದು ಸರಾಸರಿ 24ರ ಹತ್ತಿರದ ವಿಚಿತ್ರ ಭಿನ್ನರಾಶಿ ಬಂದರೆ ಅಂತರ ಸಮವಿಲ್ಲ. ಎಡಿಟರಿಗೆ ಕೊಡುವ ಮುಂಚೆಯೇ ಅದನ್ನು ಸಮ ಮಾಡಿಕೊಳ್ಳಬೇಕು:

```
ffmpeg -i meeting.mp4 -vf fps=30 -c:v libx264 -crf 18 -c:a copy cfr.mp4
```

ಇಲ್ಲಿ `-crf 18` ಎನ್ನುವುದು ಗುಣಮಟ್ಟದ ಸಂಖ್ಯೆ. ಅದನ್ನು ತುಂಬ ಏರಿಸಿದರೆ ಫೈಲ್ ಚಿಕ್ಕದಾಗುತ್ತದೆ, ಜೊತೆಗೆ ಸ್ಲೈಡಿನ ಸಣ್ಣ ಅಕ್ಷರಗಳ ಅಂಚು ಕದಡುತ್ತದೆ. ಕಮಾಂಡ್ ಬೇಡವೆನ್ನುವವರು ಹ್ಯಾಂಡ್‌ಬ್ರೇಕ್ ಎಂಬ ಪ್ರೋಗ್ರಾಮಿನ ವಿಡಿಯೊ ಪುಟದಲ್ಲಿ Constant Framerate ಆರಿಸಿ 30 ಕೊಡಬಹುದು.

ಒಂದು ಫೈಲ್, ಮೊದಲಿಂದ ಕೊನೆಯವರೆಗೆ

ಮೊದಲು ಹೇಳಿದ ಐವತ್ತು ನಿಮಿಷದ ಪಾಠಕ್ಕೆ ಬರೋಣ. ಪರದೆ ಮತ್ತು ಮುಖ `screen.mkv` ಎಂಬ ಫೈಲ್‌ನಲ್ಲಿವೆ. ಆ ಫೈಲ್‌ನಲ್ಲಿ ಲ್ಯಾಪ್‌ಟಾಪಿನ ಒಳಗಿನ ಮೈಕೂ ಸೇರಿಕೊಂಡಿದೆ. ಅದರ ದನಿ ದೂರದಿಂದ ಬಂದಂತಿದೆ, ಪಾಠಕ್ಕೆ ಬಳಸಲು ಯೋಗ್ಯವಲ್ಲ, ಆದರೆ ಅಳತೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕಾಲರ್ ಮೈಕಿನ ಮಾತು `rec.wav` ಎಂಬ ಫೈಲ್. ಶುರುವಿಗೊಮ್ಮೆ ಕೊನೆಗೊಮ್ಮೆ ಒಂದೇ ಜಾಗದಲ್ಲಿ ನಿಂತು ಚಪ್ಪಾಳೆ ತಟ್ಟಲಾಗಿದೆ.

ಮೊದಲು ಒಳಗಿನ ಮೈಕಿನ ಧ್ವನಿ ಚಿತ್ರಕ್ಕೆ ಸರಿಯಾಗಿ ಅಂಟಿಕೊಂಡಿದೆಯೇ ಎಂದು ನೋಡಬೇಕು, ಅಳತೆಗೋಲೇ ಸೊಟ್ಟಗಿದ್ದರೆ ಮುಂದಿನದೆಲ್ಲ ವ್ಯರ್ಥ. ಮುಖದ ಕ್ಯಾಮೆರಾದಲ್ಲಿ ಅಂಗೈಗಳು ಕೂಡಿದ ಫ್ರೇಮೂ ಅಲೆಯ ಏರೂ ಎರಡೂ ಕಡೆ ಒಂದು ಫ್ರೇಮಿನ ಒಳಗೆ ಹೊಂದುತ್ತವೆ. ಸರಿ, ಅಳತೆಗೋಲು ನೆಟ್ಟಗಿದೆ.

ಈಗ ಒಳಗಿನ ಧ್ವನಿಯನ್ನು ಬೇರ್ಪಡಿಸಿ, ಎರಡೂ ಧ್ವನಿಗಳನ್ನು ಆಡಾಸಿಟಿ ಎಂಬ ಧ್ವನಿ ಎಡಿಟರಿನಲ್ಲಿ ಒಂದರ ಕೆಳಗೊಂದು ತೆರೆದು ಚಪ್ಪಾಳೆಗಳ ಹೊತ್ತು ಬರೆದುಕೊಳ್ಳಿ:

```
ffmpeg -i screen.mkv -map 0:a:0 -c:a pcm_s16le guide.wav
```

`guide.wav`ನಲ್ಲಿ ಮೊದಲ ಚಪ್ಪಾಳೆ 12.400ನೇ ಸೆಕೆಂಡಿಗೆ, ಕೊನೆಯದು 3012.400ಕ್ಕೆ. ನಡುವಿನ ಅಂತರ 3000.000 ಸೆಕೆಂಡ್. `rec.wav`ನಲ್ಲಿ ಮೊದಲನೆಯದು 7.150ಕ್ಕೆ, ಕೊನೆಯದು 3007.390ಕ್ಕೆ, ಅಂತರ 3000.240. ಅದೇ ಎರಡು ಚಪ್ಪಾಳೆಗಳ ನಡುವಿನ ಕಾಲವನ್ನು ರೆಕಾರ್ಡರ್ 0.240 ಸೆಕೆಂಡ್ ಹೆಚ್ಚು ಎಂದು ಎಣಿಸಿದೆ. 0.240ನ್ನು 3000ದಿಂದ ಭಾಗಿಸಿದರೆ ಹತ್ತು ಲಕ್ಷಕ್ಕೆ 80. ಎರಡು ಸ್ಫಟಿಕಗಳ ನಡುವೆ ಇರಬಹುದಾದಷ್ಟೇ ವ್ಯತ್ಯಾಸ. ನಟ್ಟನಡುವೆ ಒಂದು 'ಪ' ಹಿಡಿದು ಅಳೆದರೆ ಸುಮಾರು 0.12 ಸೆಕೆಂಡ್ ತಡ, ಕೊನೆಯದರ ಅರ್ಧ. ತುಂಡು ಕಳೆದಿಲ್ಲ, ಬರೀ ವೇಗದ ದೋಷ ಎಂದು ಇಲ್ಲಿ ಖಾತ್ರಿಯಾಯಿತು.

ರೆಕಾರ್ಡರ್ ತಾನು ಸೆಕೆಂಡಿಗೆ 48,000 ಮಾದರಿ ಬರೆದೆ ಎಂದುಕೊಂಡಿದೆ. ಲ್ಯಾಪ್‌ಟಾಪಿನ ಗಡಿಯಾರದ ಲೆಕ್ಕದಲ್ಲಿ ಅದು ಬರೆದದ್ದು 48,000 × 1.00008, ಅಂದರೆ 48,003.84. ಹಾಗಾದರೆ ಫೈಲಿಗೆ "ನಿನ್ನ ದರ 48,004" ಎಂದು ಹೇಳಿಬಿಟ್ಟರೆ ಸಾಕು, ತನ್ನಷ್ಟಕ್ಕೇ ಅದು ಬೇಕಾದಷ್ಟು ಕುಗ್ಗುತ್ತದೆ. ಪೂರ್ಣಾಂಕವೇ ಬೇಕಾದ್ದರಿಂದ ಚೂರು ಹೆಚ್ಚಾಗುತ್ತದೆ, ಐವತ್ತು ನಿಮಿಷದ ಕೊನೆಗೆ 10 ಮಿಲಿಸೆಕೆಂಡ್. ಒಂದು ಫ್ರೇಮಿನ ಮೂರರಲ್ಲೊಂದು ಪಾಲು, ಯಾರಿಗೂ ತಿಳಿಯದು. ದನಿಯ ಸ್ಥಾಯಿಯೂ ಹತ್ತು ಲಕ್ಷಕ್ಕೆ ಎಂಬತ್ತರಷ್ಟೇ ಏರುವುದರಿಂದ ಯಾವ ಕಿವಿಗೂ ಗೊತ್ತಾಗುವುದಿಲ್ಲ. ಸ್ಥಾಯಿ ಉಳಿಸಿಕೊಂಡು ವೇಗ ಮಾತ್ರ ಬದಲಿಸುವ ಪರಿಣಾಮಗಳನ್ನು ಇಲ್ಲಿ ಬಳಸಬೇಡಿ. ಅವು ಧ್ವನಿಯನ್ನು ಸಣ್ಣ ಸಣ್ಣ ತುಣುಕು ಮಾಡಿ ಮತ್ತೆ ಹೆಣೆಯುತ್ತವೆ, ಇಷ್ಟು ಚಿಕ್ಕ ತಿದ್ದುಪಡಿಗೆ ಆ ಹೆಣಿಗೆಯ ಕಲೆ ಉಳಿಯುವ ಅಪಾಯವೇ ಹೆಚ್ಚು.

ಕುಗ್ಗಿಸಿದ ಮೇಲೆ ಮೊದಲ ಚಪ್ಪಾಳೆ 7.150ರಿಂದ 7.149ಕ್ಕೆ ಬರುತ್ತದೆ. ಅದು 12.400ಕ್ಕೆ ಕೇಳಿಸಬೇಕು. ಆದ್ದರಿಂದ ಮಾತನ್ನು 5251 ಮಿಲಿಸೆಕೆಂಡ್ ಹಿಂದಕ್ಕೆ ತಳ್ಳಬೇಕು. ಎಲ್ಲ ಸೇರಿ:

```
ffmpeg -i screen.mkv -i rec.wav -filter_complex \
"[1:a]asetrate=48004,aresample=48000,adelay=5251:all=1[a]" \
-map 0:v -map "[a]" -c:v copy -c:a aac -b:a 160k out.mp4
```

ಚಿತ್ರವನ್ನು ಮುಟ್ಟದೆ ಹಾಗೆಯೇ ನಕಲಿಸುವುದರಿಂದ ಕೆಲಸ ಬೇಗ ಮುಗಿಯುತ್ತದೆ, ಸ್ಲೈಡಿನ ಅಕ್ಷರಗಳೂ ಕದಡುವುದಿಲ್ಲ. ರೆಕಾರ್ಡರನ್ನೇ ಮೊದಲು ಆನ್ ಮಾಡಿದ್ದರೆ ತಡ ಮಾಡುವ ಬದಲು ಮುಂಭಾಗ ಕತ್ತರಿಸಬೇಕಾಗುತ್ತದೆ. ಆಗ `adelay` ತೆಗೆದು `-i rec.wav` ಮುಂಚೆ `-ss` ಹಾಕಿ, ಬಿಡಬೇಕಾದ ಸೆಕೆಂಡುಗಳನ್ನು ಕೊಡಿ. ಮುಗಿದ ಮೇಲೆ `out.mp4` ತೆರೆದು ಅದೇ ಮೂರು ಜಾಗಗಳಲ್ಲಿ ಮತ್ತೆ ಅಳೆಯಿರಿ. ಕೊನೆಯಲ್ಲಿ 0.24ರ ಬದಲು 0.49 ತಡ ಬಂದಿದ್ದರೆ ಚಿಹ್ನೆ ತಿರುಗುಮುರುಗಾಗಿದೆ: 48,004 ಬದಲು 47,996 ಹಾಕಿದ್ದೀರಿ.

ಮುಂದಿನ ಪಾಠಕ್ಕೆ ಏನು ಬದಲಿಸಬೇಕು

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದರೆ ಎರಡು ಗಡಿಯಾರ ಬಿಟ್ಟು ಒಂದು ಗಡಿಯಾರಕ್ಕೆ ಬರುವುದು. ಕಾಲರ್ ಮೈಕ್ ಲ್ಯಾಪ್‌ಟಾಪಿಗೇ ತಂತಿಯಲ್ಲಿ ಬಂದು, ಪರದೆಯ ಜೊತೆ ಒಂದೇ ಪ್ರೋಗ್ರಾಮಿನಲ್ಲಿ ದಾಖಲಾದರೆ ಮೇಲಿನ ಲೆಕ್ಕವೇ ಬೇಕಾಗುವುದು ಅಪರೂಪ. ಶಿಕ್ಷಕರು ಹಲಗೆಗೂ ಮೇಜಿಗೂ ಓಡಾಡುವ ತರಗತಿಯಲ್ಲಿ ಅದು ಆಗುವುದಿಲ್ಲ, ಆಗ ಪ್ರತ್ಯೇಕ ರೆಕಾರ್ಡರೇ ಸರಿ. ಹಾಗೆ ಮಾಡುವುದಾದರೆ ಒಳಗಿನ ಮೈಕನ್ನು ಎಂದೂ ಆಫ್ ಮಾಡಬೇಡಿ, ಎರಡೂ ತುದಿಗೆ ಚಪ್ಪಾಳೆ ಮರೆಯಬೇಡಿ. ಕೊನೆಯ ಚಪ್ಪಾಳೆ ಎಲ್ಲರೂ ಮರೆಯುವಂಥದ್ದು. ಮೊದಲ ಚಪ್ಪಾಳೆ ಒಂದರಿಂದ ಎಷ್ಟು ಅಂತರ ಎಂದು ತಿಳಿಯುತ್ತದೆ, ವೇಗ ತಿಳಿಯಲು ಎರಡೂ ಬೇಕು. ಹಾಗಾಗಿ ಕೊನೆಯ ಸ್ಲೈಡಿನ ಮೇಲೆಯೇ "ಚಪ್ಪಾಳೆ" ಎಂದು ಬರೆದಿಟ್ಟುಕೊಳ್ಳಿ, ಎಡಿಟ್ ಮಾಡುವಾಗ ಆ ಸ್ಲೈಡ್ ಕತ್ತರಿಸಿದರಾಯಿತು. ಎರಡು ಸಲವೂ ಒಂದೇ ಜಾಗದಲ್ಲಿ, ಲ್ಯಾಪ್‌ಟಾಪಿನ ಹತ್ತಿರ ತಟ್ಟಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವುದರಿಂದ ಇಪ್ಪತ್ತು ಮೀಟರ್ ದೂರದ ಚಪ್ಪಾಳೆ 58 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಒಂದೂಮುಕ್ಕಾಲು ಫ್ರೇಮ್ ಅಲ್ಲೇ ಹೋಯಿತು.

ಮುಖದ ಕ್ಯಾಮೆರಾ ಇಲ್ಲದ ಸ್ಕ್ರೀನ್ ಟ್ಯುಟೋರಿಯಲ್ ಆದರೆ ಚಪ್ಪಾಳೆಗೆ ಚಿತ್ರದಲ್ಲಿ ಗುರುತಿರುವುದಿಲ್ಲ. ಸ್ಲೈಡ್ ಶೋ ನಡೆಯುತ್ತಿರುವಾಗ B ಕೀಲಿಯನ್ನು ಮೈಕಿಗೆ ಕೇಳುವಂತೆ ಗಟ್ಟಿಯಾಗಿ ಒತ್ತಿ. ಪವರ್‌ಪಾಯಿಂಟ್‌ನಲ್ಲೂ ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲೂ ಪರದೆ ಒಮ್ಮೆಲೇ ಕಪ್ಪಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಸ್ಲೈಡ್ ಮರಳುತ್ತದೆ. ಬಿಳಿಯ ಸ್ಲೈಡಿನಿಂದ ಕಪ್ಪಿಗೆ ಹಾರುವ ಫ್ರೇಮನ್ನು ಯಾರೂ ತಪ್ಪಿಸಿಕೊಳ್ಳಲಾರರು.

ಮಾದರಿ ದರ ಎಲ್ಲ ಕಡೆ 48,000 ಇರಲಿ: ರೆಕಾರ್ಡರಿನಲ್ಲಿ, ಕಂಪ್ಯೂಟರಿನ ಧ್ವನಿ ಸೆಟ್ಟಿಂಗಿನಲ್ಲಿ ಮೈಕಿಗೆ, ಒಬಿಎಸ್‌ನ Audio ಪುಟದ Sample Rate ಜಾಗದಲ್ಲಿ, ಎಡಿಟರಿನ ಪ್ರಾಜೆಕ್ಟಿನಲ್ಲಿ. ಫ್ರೇಮ್ ದರವೂ ಎಲ್ಲೆಡೆ 30. ಮೈಕ್ ಬಾಯಿಂದ ಒಂದು ಗೇಣಿನಷ್ಟು ದೂರದಲ್ಲಿದ್ದು, ಗಟ್ಟಿಯಾಗಿ ಮಾತಾಡಿದಾಗ ಮೀಟರ್ −12ರಿಂದ −6 ಡೆಸಿಬೆಲ್ ನಡುವೆ ಬಂದರೆ ದನಿ ಒಡೆಯದೆ ಸ್ಪಷ್ಟವಾಗಿರುತ್ತದೆ, ಸಿಂಕ್ ಅಳೆಯುವಾಗ 'ಪ'ದ ಏರೂ ಚೆನ್ನಾಗಿ ಕಾಣುತ್ತದೆ. ದಾಖಲೆ ಎಂಕೆವಿ ರೂಪದಲ್ಲಿರಲಿ. ನಡುವೆ ವಿದ್ಯುತ್ ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಆಮೇಲೆ ಒಬಿಎಸ್‌ನ File ಪಟ್ಟಿಯಲ್ಲಿನ Remux Recordings ಮೂಲಕ ಎಂಪಿ4 ಮಾಡಿಕೊಳ್ಳಬಹುದು.

ಪರೀಕ್ಷೆಗೆಂದು ಐದು ನಿಮಿಷ ರೆಕಾರ್ಡ್ ಮಾಡಿ ಎಲ್ಲ ಸರಿಯಿದೆ ಎಂದುಕೊಳ್ಳುವುದು ಸಾಮಾನ್ಯ. ಹತ್ತು ಲಕ್ಷಕ್ಕೆ 80ರ ದೋಷ ಐದು ನಿಮಿಷದಲ್ಲಿ 24 ಮಿಲಿಸೆಕೆಂಡ್ ಆಗುತ್ತದೆ, ಒಂದು ಫ್ರೇಮಿಗಿಂತ ಕಡಿಮೆ, ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಬಯಲಿಗೆ ತರಲು ಪಾಠದಷ್ಟೇ ಉದ್ದದ ಪರೀಕ್ಷೆ ಬೇಕು. ಖಾಲಿ ಕೋಣೆಯಲ್ಲಿ ಎರಡನ್ನೂ ಆನ್ ಮಾಡಿ, ಒಂದು ಚಪ್ಪಾಳೆ ತಟ್ಟಿ ಬಿಟ್ಟು, ಐವತ್ತು ನಿಮಿಷ ಕಳೆದ ಮೇಲೆ ಬಂದು ಇನ್ನೊಂದು ತಟ್ಟಿದರೆ ಸಾಕು. ಅದರಿಂದ ಬಂದ 48,004ರಂಥ ಸಂಖ್ಯೆಯನ್ನು ರೆಕಾರ್ಡರಿನ ಬೆನ್ನಿಗೆ ಚೀಟಿ ಅಂಟಿಸಿ ಬರೆದಿಡಿ. ಅದೇ ಲ್ಯಾಪ್‌ಟಾಪ್, ಅದೇ ರೆಕಾರ್ಡರ್ ಇರುವವರೆಗೆ ಆ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ. ಬಿಸಿಲಿನಲ್ಲಿಟ್ಟರೆ, ತೀರ ತಂಪಾದ ಕೋಣೆಗೆ ಒಯ್ದರೆ ಸ್ವಲ್ಪ ಅಲುಗಬಹುದು. ಇನ್ನೊಂದು ದಾರಿ ಪಾಠವನ್ನೇ ಹತ್ತು ಹತ್ತು ನಿಮಿಷದ ಭಾಗ ಮಾಡಿ, ಪ್ರತಿ ಭಾಗದ ಮೊದಲಲ್ಲೂ ಒಂದು ಚಪ್ಪಾಳೆಯಿಂದ ಹೊಂದಿಸುವುದು. ಹತ್ತು ನಿಮಿಷಕ್ಕೆ ಈ ರೆಕಾರ್ಡರ್ 48 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ತಡವಾದ ಧ್ವನಿಯ ವಿಷಯದಲ್ಲಿ ನೋಡುವವರ ಕಣ್ಣು ಅಷ್ಟನ್ನು ಗಮನಿಸದೆ ಬಿಟ್ಟುಬಿಡುತ್ತದೆ. ರೆಕಾರ್ಡರ್ ಇನ್ನೊಂದು ಕಡೆಗೆ ಜಾರುವಂಥದ್ದಾದರೆ ಧ್ವನಿ 48 ಮಿಲಿಸೆಕೆಂಡ್ ಮುಂದೆ ಹೋಗಿ 45ರ ಗೆರೆ ದಾಟುತ್ತದೆ, ಆಗ ಭಾಗಗಳನ್ನು ಎಂಟು ನಿಮಿಷಕ್ಕೆ ಇಳಿಸಿಕೊಳ್ಳಬೇಕು.